ಅಜ್ಜಿಯ ನುಡಿನಮನ ಬರೆಯಬೇಕು, ಮನೆಯವರು ಹೇಳಿದ ನೆನಪುಗಳ ಹನ್ನೊಂದು ರೆಕಾರ್ಡಿಂಗ್ ಇದೆ, ಎಲ್ಲಿಂದ ಶುರು ಮಾಡಲಿ?

ಕರೂರು ಸೀಮೆಯವಳು

ಎಲ್ಲರಿಗೂ ನಮಸ್ಕಾರ. ಅಪ್ಪನ ಅಮ್ಮ, ನಮ್ಮ ಅಜ್ಜಿ, ಹೋಗಿ ಎರಡು ವಾರ ಆಯ್ತು. ಸಾಗರ ತಾಲ್ಲೂಕಿನವರು ನಾವು, ದೀವರು. ಅಜ್ಜಿಯ ಊರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದು, ಆಮೇಲೆ ಈಗಿನ ಊರಿಗೆ ಬಂದವರು.

ಕಾರ್ಯ ಮುಗಿದ ಸಂಜೆ ಎಲ್ಲರೂ ಜಗಲಿಯಲ್ಲಿ ಕೂತು ಅಜ್ಜಿಯನ್ನು ನೆನಪು ಮಾಡಿಕೊಂಡರು. ನಾನು ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮರುದಿನ ಬೆಳಿಗ್ಗೆ ಚಿಕ್ಕಜ್ಜಿ, ಅಂದರೆ ಅಜ್ಜಿಯ ತಂಗಿ, ಹಿತ್ತಿಲಲ್ಲಿ ಒಬ್ಬರೇ ಕೂತಿದ್ದಾಗ ಅವರದ್ದೂ ಮಾಡಿದೆ. ಒಟ್ಟು ಹನ್ನೊಂದು ತುಣುಕು, 2 ಗಂಟೆ 50 ನಿಮಿಷ.

ಬರುವ ಭಾನುವಾರ ಊರಿನ ಸಮುದಾಯ ಭವನದಲ್ಲಿ ನುಡಿನಮನ ಇದೆ. ಮನೆಯವರ ಪರವಾಗಿ ನಾನೇ ಮಾತಾಡಬೇಕಂತೆ, ಏಳು ನಿಮಿಷ. ಇನ್ನು ಆರು ದಿನ ಇದೆ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ "ಪ್ರೀತಿಯ ಮೂರ್ತಿ, ತ್ಯಾಗಮಯಿ" ಅಂತಲೇ ಬಂತು. ಅದು ಯಾರ ಅಜ್ಜಿಗೂ ಹೇಳಬಹುದಾದ ಮಾತು. ನಮ್ಮ ಅಜ್ಜಿ ಆ ರೆಕಾರ್ಡಿಂಗಿನೊಳಗೆ ಇದ್ದಾರೆ, ಅಲ್ಲಿಂದ ಹೊರಗೆ ತರುವುದು ಹೇಗೆ ಅಂತ ಗೊತ್ತಾಗ್ತಿಲ್ಲ. ಇನ್ನೊಂದು ಕಷ್ಟ, ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆ ಆಗ್ತಿಲ್ಲ. ಅಜ್ಜಿಯ ವಯಸ್ಸೇ ಮೂರು ಥರ ಬಂದಿದೆ: 85, 88, 92.

ಹೀಗೆ ರೆಕಾರ್ಡಿಂಗ್ ಇಟ್ಟುಕೊಂಡು ಬರೆದವರು ಯಾರಾದರೂ ಇದ್ದೀರಾ?

ಗಡಿನಾಡ ಮಾಸ್ತರ

ತಂಗೀ, ನಿಮ್ಮ ಅಜ್ಜಿಯವರ ಆತ್ಮಕ್ಕ ಶಾಂತಿ ಸಿಗಲಿ. ಪೇಪರಿಗೆ ಕೊಡೋದಾದರೆ ಏಳೆಂಟು ಸಾಲು ಸಾಕು. ಫೋಟೋ, ಹೆಸರು, ಜನನ, ಮರಣ, ದುಃಖತಪ್ತ ಕುಟುಂಬ, ಅಷ್ಟೇ. ಜಾಸ್ತಿ ಬರೆದರೆ ರೊಕ್ಕಾನೂ ಜಾಸ್ತಿ ಆಗತೈತಿ. ನಾನು ನಮ್ಮ ಶಾಲೆಯವರಿಗೆ ಬಹಳ ಬರೆದುಕೊಟ್ಟೀನಿ, ಬೇಕಾದರೆ ಮಾದರಿ ಕಳಸತೀನಿ.

ಕರೂರು ಸೀಮೆಯವಳು

ಧನ್ಯವಾದ ಸರ್. ಇದು ಪೇಪರಿಗಲ್ಲ, ನಿಂತು ಮಾತಾಡುವುದಕ್ಕೆ.

ದಾವಣಗೆರೆಯಿಂದ

ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಎಲ್ಲ ರೆಕಾರ್ಡಿಂಗ್ ಒಂದು ಸಲ ಕೇಳಿ, ಫೋನ್ ಬದಿಗಿಟ್ಟು, ಮನಸ್ಸಿನಲ್ಲಿ ಏನು ಉಳಿಯಿತೋ ಅದನ್ನು ಬರೆಯಿರಿ. ಮರೆತದ್ದು ಮುಖ್ಯ ಅಲ್ಲದ್ದು. ಅಕ್ಷರ ಅಕ್ಷರ ಬರೆದುಕೊಳ್ಳಲು ಹೋದರೆ ಆರು ದಿನ ಅದರಲ್ಲೇ ಹೋಗುತ್ತೆ. ಹಳ್ಳಿ ಮಾತನ್ನು ಸ್ವಲ್ಪ ನೆಟ್ಟಗೆ ಮಾಡಿ, ವೇದಿಕೆಗೆ ಒಪ್ಪುವ ಭಾಷೆಗೆ ತನ್ನಿ. ನಮ್ಮ ತಾತನಿಗೆ ಹಾಗೇ ಮಾಡಿದ್ದೆ, ಎಲ್ಲರೂ ಚೆನ್ನಾಗಿತ್ತು ಅಂದರು.

ಹಳೇ ಟೇಪು

ಮೇಲಿನವರು ಹೇಳಿದ್ದರಲ್ಲಿ ಒಂದು ಮಾತು ಸರಿ, ಎಲ್ಲವನ್ನೂ ಅಕ್ಷರಕ್ಕಿಳಿಸಬೇಡಿ. ಉಳಿದದ್ದು ಒಪ್ಪುವುದಿಲ್ಲ.

ನಾನು ಇಪ್ಪತ್ತು ವರ್ಷದ ಮೇಲೆ ಹಳ್ಳಿಗಳಲ್ಲಿ ಹಾಡು, ಕಥೆ ರೆಕಾರ್ಡ್ ಮಾಡಿ ಬರೆದುಕೊಂಡವನು, ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಫೋನಿನಲ್ಲಿ. ಒಂದು ಗಂಟೆಯ ಮಾತನ್ನು ಬಿಡದೆ ಬರೆಯಲು ಐದಾರು ಗಂಟೆ ಬೇಕು. ನಾಲ್ಕು ಜನ ಒಟ್ಟಿಗೆ ಮಾತಾಡಿದ್ದರೆ ಇನ್ನೂ ಜಾಸ್ತಿ. ನಿಮ್ಮ ಹತ್ತಿರ ಅಷ್ಟು ಸಮಯ ಇಲ್ಲ. ಆದರೆ "ಮನಸ್ಸಿನಲ್ಲಿ ಉಳಿದದ್ದು" ಅಂತ ಬರೆದರೆ ನಿಮಗೆ ಮೊದಲೇ ಗೊತ್ತಿದ್ದ ಅಜ್ಜಿಯೇ ಬರುತ್ತಾರೆ. ಹಾಗಾದರೆ ರೆಕಾರ್ಡ್ ಮಾಡಿದ್ದು ಯಾಕೆ?

ಇವತ್ತು ರಾತ್ರಿ ಮೊದಲ ಕೆಲಸ, ಹನ್ನೊಂದೂ ಫೈಲನ್ನು ಫೋನಿನಿಂದ ಇನ್ನೆರಡು ಕಡೆ ಹಾಕಿಡಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಲಗತ್ತಿಸಿ, ಆಗ ಮೂಲ ಫೈಲೇ ಹೋಗುತ್ತದೆ. ಹೆಸರು ಬದಲಿಸುವಾಗ ಯಾರ ಮಾತು ಅಂತ ಹೆಸರಲ್ಲೇ ಇರಲಿ.

ಆಮೇಲೆ ಒಂದು ಸಲ ನಿಲ್ಲಿಸದೆ ಕೇಳಿ. ಕೇಳುತ್ತಾ ಸಮಯ, ಯಾರು, ಏನು, ಇಷ್ಟು ಮಾತ್ರ ಒಂದೊಂದು ಸಾಲಿನಲ್ಲಿ ಗುರುತು ಹಾಕಿ. ಮತ್ತೆ ಇನ್ನೊಂದು ಗುರುತು ಬೇಕು, ಇದು ಬಹಳ ಮುಖ್ಯ. ಹೇಳಿದವರು ಅದನ್ನು ಕಣ್ಣಾರೆ ಕಂಡಿದ್ದಾ, ಇನ್ನೊಬ್ಬರಿಂದ ಕೇಳಿದ್ದಾ? ಹೀಗೆ:

```
10_chikkajji.m4a | 06:20 | ಗೋಡೆ ಬಳಿದದ್ದು | ಕಂಡಿದ್ದು
02_chikkappa.m4a | 03:10 | ಕಾಗೋಡು, ಜೈಲು  | ಕೇಳಿದ್ದು
```

(ಹೆಸರುಗಳು ಉದಾಹರಣೆಗೆ ಹಾಕಿದ್ದು, ನಿಮ್ಮದರಲ್ಲಿ ಏನಿದೆಯೋ ಗೊತ್ತಿಲ್ಲ.)

ಮೂರು ಗಂಟೆಯ ರೆಕಾರ್ಡಿಂಗಿಗೆ ಇಂಥ ಅರವತ್ತು ಎಪ್ಪತ್ತು ಸಾಲು ಆಗಬಹುದು. ಅದನ್ನು ಮುಂದಿಟ್ಟುಕೊಂಡು ನೋಡಿದರೆ, ಬೇಕಾದ ಇಪ್ಪತ್ತು ಇಪ್ಪತ್ತೈದು ನಿಮಿಷ ಎಲ್ಲಿದೆ ಅಂತ ಗೊತ್ತಾಗುತ್ತದೆ. ಅಷ್ಟನ್ನು ಮಾತ್ರ ಅವರು ಆಡಿದ ಹಾಗೇ, ಉಸಿರು ಬಿಟ್ಟದ್ದೂ ಸೇರಿಸಿ ಬರೆದುಕೊಳ್ಳಿ. ನೆಟ್ಟಗೆ ಮಾಡಬೇಡಿ. ನಿಮ್ಮ ಊರಿನವರ ಮುಂದೆ ನಿಮ್ಮ ಅಜ್ಜಿಯ ಮಾತನ್ನು ಪುಸ್ತಕದ ಭಾಷೆಯಲ್ಲಿ ಹೇಳಿದರೆ ಯಾರಿಗೂ ಅಜ್ಜಿಯ ಧ್ವನಿ ಕೇಳುವುದಿಲ್ಲ.

ಕರೂರು ಸೀಮೆಯವಳು

ನೀವು ಊಹೆಯಲ್ಲಿ ಹಾಕಿದ ಎರಡನೇ ಸಾಲು ನೋಡಿ ಆಶ್ಚರ್ಯ ಆಯ್ತು, ಚಿಕ್ಕಪ್ಪ ನಿಜವಾಗಲೂ ಕಾಗೋಡಿನ ವಿಷಯ ಹೇಳಿದ್ದಾರೆ. ರಾತ್ರಿ ಕೂತು ಮಾಡುತ್ತೇನೆ.

ಹಳೇ ಟೇಪು

ಸಾಗರದ ದೀವರು ಅಂದಿರಲ್ಲ, ಆ ತಲೆಮಾರಿನ ಬಗ್ಗೆ ಮಾತು ಬಂದರೆ ಕಾಗೋಡು ಬಾರದೆ ಇರುವುದಿಲ್ಲ.

ಕರೂರು ಸೀಮೆಯವಳು (ಮರುದಿನ)

ಮುಗಿಯಿತು, 64 ಸಾಲು ಆಗಿದೆ. ನಾಲ್ಕು ಗಂಟೆ ಹಿಡಿಯಿತು, ಮಧ್ಯದಲ್ಲಿ ಎರಡು ಸಲ ಅಳು ಬಂದು ನಿಲ್ಲಿಸಿದೆ.

ಬರೆದುಕೊಂಡ ಮೇಲೆ ಕಂಡದ್ದು ಹೇಳುತ್ತೇನೆ. ಅತ್ತೆ ಒಬ್ಬರೇ 52 ನಿಮಿಷ ಮಾತಾಡಿದ್ದಾರೆ. ಅಪ್ಪ 4 ನಿಮಿಷ. ಅಪ್ಪನ 4 ನಿಮಿಷದಲ್ಲಿ ಅರ್ಧ ಸುಮ್ನೆ ಇದ್ದಾರೆ, ಹಿಂದೆ ಕುಕ್ಕರ್ ಕೂಗುವುದು ಮಾತ್ರ ಕೇಳುತ್ತದೆ.

ತಾಳೆ ಆಗದ ವಿಷಯಗಳು ಇವು. ದೊಡ್ಡಪ್ಪ, ಅತ್ತೆ, ಚಿಕ್ಕಪ್ಪ ಮೂವರೂ ಮುಳುಗಡೆ ಊರಿಂದ ಲಾರಿಯಲ್ಲಿ ಬಂದೆವು ಅಂತಾರೆ. ಚಿಕ್ಕಜ್ಜಿ ಮಾತ್ರ ಎತ್ತಿನ ಗಾಡಿ ಅಂತಾರೆ. ಮೂರಕ್ಕೆ ಒಂದು, ಹಾಗಾಗಿ ಲಾರಿ ಅಂತ ಬರೆದುಕೊಂಡೆ. ಎರಡನೇದು, ಮುಳುಗಡೆ ಆದಾಗ ಅಜ್ಜಿಗೆ ಹತ್ತು ವರ್ಷ ಅಂತ ಚಿಕ್ಕಪ್ಪ ಹೇಳ್ತಾರೆ. ಆದರೆ ಆ ಹೊತ್ತಿಗೆ ದೊಡ್ಡಪ್ಪ ಹುಟ್ಟಿದ್ದರು ಅಂತ ಎಲ್ಲರೂ ಹೇಳ್ತಾರೆ. ಮೂರನೇದು, ಅಜ್ಜಿ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿದ್ದರು ಅಂತ ಚಿಕ್ಕಪ್ಪ. ನಾನು ಇದನ್ನು ಕೇಳಿದ್ದೇ ಮೊದಲು.

ದಾವಣಗೆರೆಯಿಂದ

ಜೈಲಿನ ವಿಷಯದಿಂದಲೇ ಶುರು ಮಾಡಿ! ಅದಕ್ಕಿಂತ ದೊಡ್ಡದು ಏನಿದೆ? ಇಡೀ ಸಭೆ ಎದ್ದು ಕೂರುತ್ತದೆ.

ಸಾಗರದವನು

ಸ್ವಲ್ಪ ತಡೀರಿ. ನಾನು ಅದೇ ಕಡೆಯವನು, ನಮ್ಮ ಮನೆಯವರೂ ಮುಳುಗಡೆಯವರೇ.

ಕಾಗೋಡು ಸತ್ಯಾಗ್ರಹ 1951ರದ್ದು. ಗೇಣಿ ಅಳೆಯುವ ಕೊಳಗದ ಜಗಳದಿಂದ ಶುರುವಾಗಿದ್ದು. ಲೋಹಿಯಾ ಬಂದು ಬಂಧನ ಆದದ್ದೂ ಆ ವರ್ಷವೇ. ಅಜ್ಜಿಗೆ ಆಗ ಎಷ್ಟು ವಯಸ್ಸು? ಆಧಾರ್ ನೋಡಿದ್ದೀರಾ?

ಮುಳುಗಡೆಯ ವಿಷಯಕ್ಕೆ ಬಂದರೆ, ನಮ್ಮ ಕಡೆ ಎರಡು ಮುಳುಗಡೆ ಇದೆ, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಮೊದಲನೇದು 1940ರ ದಶಕದ ಹಿರೇಭಾಸ್ಕರ, ನಾವು ಮಡೆನೂರು ಡ್ಯಾಂ ಅಂತೀವಿ. ಅದರ ನೀರಿಗೂ ಗದ್ದೆ ಮನೆ ಹೋದವು. ಎರಡನೇದು ಲಿಂಗನಮಕ್ಕಿ, 1964ರಲ್ಲಿ ಮುಗಿದದ್ದು. ಅದರ ನೀರಿನಲ್ಲಿ ಮಡೆನೂರು ಡ್ಯಾಮೇ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಈಗಲೂ ಆ ಹಳೇ ಕಟ್ಟೆ ಕಾಣುತ್ತದೆ. ನಿಮ್ಮ ಚಿಕ್ಕಪ್ಪ ಸುಳ್ಳು ಹೇಳಿಲ್ಲ. ಅಜ್ಜಿ ಹತ್ತು ವರ್ಷದವರಿದ್ದಾಗ ಒಂದು ನೀರು ಬಂದದ್ದು ನಿಜವೇ ಇರಬಹುದು, ತವರಿನ ಕಡೆ. ದೊಡ್ಡಪ್ಪ ಮಗು ಇದ್ದಾಗ ಬಂದದ್ದು ಇನ್ನೊಂದು ನೀರು. ಎರಡೂ ಮನೆಮಾತಿನಲ್ಲಿ "ಮುಳುಗಡೆ"ಯೇ ಅಲ್ವಾ, ಹಾಗಾಗಿ ಒಂದೇ ಆಗಿಬಿಟ್ಟಿದೆ.

ಕರೂರು ಸೀಮೆಯವಳು

ಮೈ ಜುಂ ಅಂತು ಸರ್. ತವರು ಬೇರೆ ಊರು, ಅದೂ ನದಿ ದಂಡೆಯದ್ದೇ. ಅಂದರೆ ಅಜ್ಜಿ ಎರಡು ಸಲ ನೀರು ಕಂಡವರು!

ಆಧಾರಿನಲ್ಲಿ 01-01-1938 ಅಂತ ಇದೆ. ಹಾಗಾದರೆ 1951ರಲ್ಲಿ 13 ವರ್ಷ.

ಸಾಗರದವನು

ಜನವರಿ 1 ಅಂತ ಇದ್ದರೆ ಅದು ಅಂದಾಜು ಅಂತಲೇ ಇಟ್ಟುಕೊಳ್ಳಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಒಂದು ವರ್ಷ ಹಿಡಿದು ಜನವರಿ 1 ಹಾಕಿರುತ್ತಾರೆ. ನಮ್ಮ ಮನೆಯಲ್ಲೂ ಹಿರಿಯರೆಲ್ಲ ಒಂದೇ ದಿನ ಹುಟ್ಟಿದ್ದಾರೆ. 38 ಅನ್ನುವುದನ್ನೂ ಗಟ್ಟಿ ಅಂತ ಹಿಡಿಯಬೇಡಿ, ಎರಡು ಮೂರು ವರ್ಷ ಆಚೆ ಈಚೆ ಇರಬಹುದು. ಆದರೂ ಹದಿಮೂರು ಹದಿನೈದರ ಹುಡುಗಿಯನ್ನು ಜೈಲಿಗೆ ಹಾಕಿದ್ದು ನನಗೆ ಅನುಮಾನ. ಹೆಂಗಸರು ಸತ್ಯಾಗ್ರಹದಲ್ಲಿ ಇದ್ದದ್ದು ನಿಜ. ಆದರೆ ಇದನ್ನು ಕೇಳದೆ ಬರೆಯಬೇಡಿ. ಅವತ್ತು ಸಭೆಯಲ್ಲಿ ಕೂರುವವರಲ್ಲಿ ಸತ್ಯಾಗ್ರಹಕ್ಕೆ ಹೋದವರ ಮಕ್ಕಳೇ ಇರುತ್ತಾರೆ.

ಹಳೇ ಟೇಪು

ಲಾರಿ ಗಾಡಿ ವಿಷಯದಲ್ಲಿ ನೀವು ಮಾಡಿದ ಲೆಕ್ಕ ತಪ್ಪು. ಮೂರಕ್ಕೆ ಒಂದು ಅಂತ ಓಟು ಹಾಕಿಸುವ ಹಾಗಿಲ್ಲ.

ಜಗಲಿಯಲ್ಲಿ ಮೊದಲು ಮಾತಾಡಿದ್ದು ಯಾರು? ದೊಡ್ಡಪ್ಪ ಇರಬೇಕು. ಹಿರಿಯ ಮಗ ಒಮ್ಮೆ ಲಾರಿ ಅಂದ ಮೇಲೆ, ಅಲ್ಲೇ ಕೂತು ಕೇಳಿದವರ ಬಾಯಲ್ಲೂ ಲಾರಿಯೇ ಬರುತ್ತದೆ. ಅವರು ಬೇಕಂತ ಮಾಡುವುದಲ್ಲ. ಗುಂಪಿನಲ್ಲಿ ನೆನಪು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಗುರುತಿಸುವುದು ಹೇಗೆ ಅಂದರೆ, ಮೂವರೂ ಬಳಸಿದ ಪದ ನೋಡಿ. ಒಂದೇ ಪದ, ಒಂದೇ ಕ್ರಮ ಇದ್ದರೆ ಅದು ಮೂರು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ.

ಇನ್ನು, ಅವತ್ತು ದೊಡ್ಡಪ್ಪನ ವಯಸ್ಸೆಷ್ಟು, ಅತ್ತೆ ಚಿಕ್ಕಪ್ಪ ಹುಟ್ಟಿದ್ದರಾ, ಚಿಕ್ಕಜ್ಜಿ ಅಲ್ಲಿದ್ದರಾ?

ಕರೂರು ಸೀಮೆಯವಳು

ಮತ್ತೆ ಕೇಳಿದೆ. ದೊಡ್ಡಪ್ಪ "ಸರ್ಕಾರದ ಲಾರಿ ಬಂತು, ಸಾಮಾನೆಲ್ಲ ಹೇರಿದ್ರು" ಅಂತಾರೆ. ಅತ್ತೆಯೂ "ಸರ್ಕಾರದ ಲಾರಿ, ಸಾಮಾನೆಲ್ಲ ಹೇರಿ". ಚಿಕ್ಕಪ್ಪನೂ ಅದೇ. ನೀವು ಹೇಳಿದ ಹಾಗೇ ಇದೆ.

ಆಗ ದೊಡ್ಡಪ್ಪನಿಗೆ ಮೂರೋ ನಾಲ್ಕೋ ವರ್ಷ. ಅತ್ತೆ, ಚಿಕ್ಕಪ್ಪ, ನಮ್ಮಪ್ಪ ಹುಟ್ಟಿರಲಿಲ್ಲ. ಚಿಕ್ಕಜ್ಜಿಗೆ ಹನ್ನೆರಡು ಹದಿಮೂರು ಇರಬೇಕು. ಅಕ್ಕನ ಬಾಣಂತನದ ಹೊತ್ತಿಗೆ ಮಗು ಆಡಿಸಲು ಬಂದವರು ಅಲ್ಲೇ ಉಳಿದಿದ್ದರಂತೆ. ಅಂದರೆ ಕಣ್ಣಾರೆ ಕಂಡವರು ಅವರೊಬ್ಬರೇ.

ಹಳೇ ಟೇಪು

ಹಾಗಾದರೆ ಚಿಕ್ಕಜ್ಜಿಯ ಹತ್ತಿರ ಇನ್ನೊಂದು ಸಲ ಹೋಗಿ. ಒಬ್ಬರೇ ಇರುವಾಗ. "ಲಾರಿನಾ ಗಾಡಿನಾ" ಅಂತ ಕೇಳಬೇಡಿ, ಹಾಗೆ ಕೇಳಿದರೆ ಒಂದನ್ನು ಆರಿಸಿ ಹೇಳ್ತಾರೆ, ಇಲ್ಲ ದೊಡ್ಡಪ್ಪ ಹೇಳಿದ್ದೇ ಇರಬಹುದು ಅಂತ ಬಿಟ್ಟುಕೊಡ್ತಾರೆ. "ಅವತ್ತು ಮನೆಯಿಂದ ಹೊರಟು ಮೊದಲು ಎಲ್ಲಿಗೆ ಹೋದ್ರಿ, ನೀವು ಎಲ್ಲಿ ಕೂತಿದ್ರಿ, ಮಗು ಯಾರ ಕೈಯಲ್ಲಿತ್ತು" ಹೀಗೆ ಕೇಳಿ. ಮೈಗೆ ನೆನಪಿರುವುದು ಬಾಯಿಗೆ ಬರುತ್ತದೆ.

ಆದರೆ ಇದನ್ನೂ ನೆನಪಿಡಿ. ಮುಳುಗಡೆಗೆ ಚಿಕ್ಕಜ್ಜಿ ಕಂಡವರು, ಕಾಗೋಡಿಗೆ ಅವರೂ ಕೇಳಿದವರೇ. 1951ರಲ್ಲಿ ಅವರು ಹಸುಗೂಸು, ಇಲ್ಲ ಹುಟ್ಟಿಯೇ ಇರಲಿಲ್ಲ. ಒಬ್ಬರ ಮಾತು ಒಂದು ಕಡೆ ಗಟ್ಟಿ ಇದ್ದರೆ ಎಲ್ಲ ಕಡೆಯೂ ಗಟ್ಟಿ ಅಂತಲ್ಲ.

ಕುಂದಾಪ್ರದ ಹುಡುಗ

ನನ್ನದೊಂದು ಹೇಳಿಬಿಡುತ್ತೇನೆ, ಮೂರು ವರ್ಷದಿಂದ ಮನಸ್ಸಿನಲ್ಲಿದೆ. ಅಪ್ಪ ತೀರಿಕೊಂಡಾಗ ನಾನೂ ಹೀಗೇ ಎಲ್ಲರ ಹತ್ತಿರ ಮಾತಾಡಿಸಿ ರೆಕಾರ್ಡ್ ಮಾಡಿದ್ದೆ. ನಮ್ಮ ದೊಡ್ಡಮ್ಮ ಒಂದು ಕಥೆ ಹೇಳಿದ್ದರು. ಅಪ್ಪ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದಾಗ ಊರಿಗೆ ದುಡ್ಡು ಕಳಿಸಿ ದೊಡ್ಡಮ್ಮನ ಮದುವೆ ಸಾಲ ತೀರಿಸಿದ್ದು. ನನಗೆ ಹೆಮ್ಮೆಯ ಕಥೆ ಅನ್ನಿಸಿತು. ಎಲ್ಲರ ಮುಂದೆ ಹೇಳಿದೆ. ದೊಡ್ಡಮ್ಮ ಎದ್ದು ಹೋದರು. ಅವರ ಗಂಡನ ಮನೆಯವರಿಗೆ ಆ ಸಾಲದ ವಿಷಯ ಅಷ್ಟು ವರ್ಷ ಗೊತ್ತೇ ಇರಲಿಲ್ಲವಂತೆ. "ನಾನು ನಿನಗೆ ಹೇಳಿದ್ದು, ಊರಿಗೆ ಹೇಳಿದ್ದಲ್ಲ" ಅಂದರು. ಈಗಲೂ ಸರಿಯಾಗಿ ಮಾತಾಡುವುದಿಲ್ಲ.

ಯಾರ ಯಾರ ಮಾತು ತಗೊಳ್ತೀರೋ ಅವರಿಗೆ ಮೊದಲೇ ಓದಿ ಹೇಳಿ. ನಾನು ಮಾಡಲಿಲ್ಲ.

ಕರೂರು ಸೀಮೆಯವಳು

ನಿಮ್ಮ ಮಾತು ಓದಿ ಒಂದು ನಿರ್ಧಾರ ಬದಲಿಸಿದೆ. ನಮ್ಮದರಲ್ಲೂ ಅಂಥದ್ದಿದೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ಹೇಳಿದ್ದು. ಹಿಸ್ಸೆ ಆದ ಮೇಲೆ ಅಜ್ಜಿ ಅವರ ಹತ್ತಿರ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಆದರೆ ಆ ಎರಡೂ ವರ್ಷ ಭೂಮಿ ಹುಣ್ಣಿಮೆಗೆ ಚಿಕ್ಕಮ್ಮನ ಮನೆಯ ಬುಟ್ಟಿಗೂ ಅಜ್ಜಿಯೇ ಚಿತ್ತಾರ ಬರೆದು ಜಗಲಿ ಮೇಲೆ ಇಟ್ಟು ಹೋಗುತ್ತಿದ್ದರಂತೆ, ಕರೆಯದೆ, ಮಾತಾಡದೆ. ನನಗೆ ಇಡೀ ಮೂರು ಗಂಟೆಯಲ್ಲಿ ಅತಿ ಹೆಚ್ಚು ಮನಸ್ಸಿಗೆ ಹತ್ತಿದ್ದು ಇದೇ. ಚಿಕ್ಕಮ್ಮನಿಗೆ ಓದಿ ಕೇಳಿಸುತ್ತೇನೆ.

ದಾವಣಗೆರೆಯಿಂದ

ಸತ್ತವರ ಬಗ್ಗೆ ಜಗಳದ ಮಾತು ಯಾಕೆ? ಒಳ್ಳೆಯದನ್ನಷ್ಟೇ ಹೇಳಿ. ಬುಟ್ಟಿ ಹೇಳಿ, ಮಾತು ಬಿಟ್ಟದ್ದು ಬಿಡಿ.

ಹಳೇ ಟೇಪು

ಮಾತು ಬಿಟ್ಟದ್ದನ್ನು ತೆಗೆದರೆ ಬುಟ್ಟಿ ಬರೀ ಬುಟ್ಟಿ. ಆದರೆ ತೀರ್ಮಾನ ಚಿಕ್ಕಮ್ಮನದ್ದು. ಅವರಿಗೆ ಬರೆದ ವಾಕ್ಯವನ್ನೇ ಓದಿ ಹೇಳಿ, "ನಿಮ್ಮ ವಿಷಯ ಸ್ವಲ್ಪ ಹಾಕ್ತೀನಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ, ಆಮೇಲೆ ನೋಯುತ್ತಾರೆ.

ನ್ಯೂಜೆರ್ಸಿಯಿಂದ ಅಮ್ಮ

ನಾನು ಇಲ್ಲಿಂದ ಓದುತ್ತಾ ಇದ್ದೇನೆ. ನನ್ನ ಅಮ್ಮ ಹೋದಾಗ ನನಗೆ ಬರಲು ಆಗಲಿಲ್ಲ. ಅಣ್ಣ ರೆಕಾರ್ಡ್ ಮಾಡಿ ಕಳಿಸಿದ್ದ, ಆದರೆ ಫ್ಯಾನಿನ ಕೆಳಗೆ ಫೋನ್ ಇಟ್ಟಿದ್ದ, ಏನೂ ಕೇಳಲಿಲ್ಲ. ಕರೂರಿನವರೇ, ನಿಮ್ಮ ಚಿಕ್ಕಜ್ಜಿಯನ್ನು ಮತ್ತೆ ಮಾತಾಡಿಸುವಾಗ ಫ್ಯಾನ್ ಆರಿಸಿ, ಫೋನನ್ನು ಬಟ್ಟೆಯ ಮೇಲೆ ಅವರ ಹತ್ತಿರ ಇಡಿ. ಅಷ್ಟೇ ನನಗೆ ಗೊತ್ತಿರುವುದು.

ಕರೂರು ಸೀಮೆಯವಳು (ಗುರುವಾರ)

ಚಿಕ್ಕಜ್ಜಿಯ ಹತ್ತಿರ ಹೋಗಿ ಬಂದೆ. ನೀವು ಹೇಳಿಕೊಟ್ಟ ಹಾಗೇ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಹಾಕುತ್ತೇನೆ:

"ಮನೆಯಿಂದ ಗಾಡಿ. ನಾನು ಹಿಂದ್ಗಡೆ ಕೂತಿದ್ದೆ, ಮಗೂನ ತೊಡೆ ಮೇಲೆ ಹಾಕ್ಕೊಂಡು. ರಸ್ತೆಗೆ ಬಂದ್ಮೇಲೆ ಲಾರಿ ಇತ್ತು. ಅಕ್ಕ ಗಾಡಿ ಹತ್ಲಿಲ್ಲ, ನಡ್ಕಂಡೇ ಬಂದ್ಲು. ಹಿಂದೆ ತಿರುಗಿ ನೋಡ್ಲಿಲ್ಲ ಅಂತ ಎಲ್ಲ ಹೇಳ್ತಾರೆ, ಸುಳ್ಳು. ಎರಡ್ ಸಲ ತಿರುಗಿ ನೋಡಿದ್ಲು."

ಲಾರಿಯೂ ಸರಿ, ಗಾಡಿಯೂ ಸರಿ. ದೊಡ್ಡಪ್ಪನಿಗೆ ಲಾರಿ ನೆನಪಿದೆ, ಮಗುವಿಗೆ ಲಾರಿಯೇ ದೊಡ್ಡದಲ್ವಾ.

ಕಾಗೋಡಿನ ಬಗ್ಗೆ ಕೇಳಿದರೆ, "ಜೈಲಿಗೆ ಹೋಗಿದ್ದು ಅಪ್ಪಯ್ಯ. ಅಕ್ಕ ಅವ್ವನ ಜೊತೆ ಸಾಗರಕ್ಕೆ ನೋಡಕ್ಕೆ ಹೋಗಿದ್ಲು ಅಂತ ಅವ್ವ ಹೇಳ್ತಿತ್ತು" ಅಂದರು. ಚಿಕ್ಕಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಜೈಲಿನ ಕಥೆ ಹೇಳ್ತಾ ಇದ್ಲು, ನಾನು ಅವಳದ್ದೇ ಅಂದ್ಕೊಂಡೆ" ಅಂದರು.

ಆಮೇಲೆ ಗೋಡೆಯ ವಿಷಯ. ಇದು ಮೊದಲ ರೆಕಾರ್ಡಿಂಗಿನಲ್ಲೇ ಇತ್ತು, ಸಾಲು ಹಾಕುವಾಗ ಗಮನಿಸಿದೆ. ಮುಳುಗುವ ಮೊದಲಿನ ಹುಣ್ಣಿಮೆಗೆ ಅಜ್ಜಿ ಆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದರಂತೆ. ಖಾಲಿ ಮಾಡಬೇಕು ಅಂತ ಆಗಲೇ ಹೇಳಿಯಾಗಿತ್ತು. ಅಜ್ಜ "ಮುಳುಗೋ ಮನೆಗೆ ಯಾಕೆ ಬಳೀತೀಯ" ಅಂದರೆ ಅಜ್ಜಿ "ಇನ್ನೂ ಮುಳುಗಿಲ್ಲಲ್ಲ" ಅಂದರಂತೆ. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ. ಚಿಕ್ಕಜ್ಜಿಯೇ ಅಕ್ಕಿ ಅರೆದುಕೊಟ್ಟಿದ್ದು.

ಈಗ ನೋಡಿದರೆ ಎಲ್ಲರ ಮಾತಿನಲ್ಲೂ ಈ ಕೈ ಇದೆ. ದೊಡ್ಡಪ್ಪ ಹೊಸ ಊರಿನ ಗುಡಿಸಲಿನ ತಡಿಕೆ ಗೋಡೆಗೂ ಅಮ್ಮ ಎಳೆ ಎಳೆದಿದ್ದಳು ಅಂತಾರೆ. ಅಪ್ಪ ಆ 4 ನಿಮಿಷದಲ್ಲಿ ಹೇಳಿದ್ದು ಒಂದೇ, ಸಿಮೆಂಟ್ ಮನೆ ಕಟ್ಟಿಸಿದ ಮೇಲೆ ಅಮ್ಮ ಗೋಡೆ ಮುಟ್ಟಿ "ಇದು ಎಳೆ ಹಿಡಿಯಲ್ಲ" ಅಂದಳು ಅಂತ. ಆಮೇಲೆ ಸುಮ್ಮನಾದರು.

ಹಳೇ ಟೇಪು

ನಿಮ್ಮ ಭಾಷಣ ಸಿಕ್ಕಿತು. ಯಾರೂ ಯಾರನ್ನೂ ಕೇಳದೆ, ಬೇರೆ ಬೇರೆ ಕಡೆಯಿಂದ ಬಂದು ಒಂದೇ ಜಾಗಕ್ಕೆ ಸೇರುವುದು ಯಾವುದೋ ಅದೇ ಎಳೆ. ನಾಲ್ಕು ಗೋಡೆ ಇಟ್ಟುಕೊಳ್ಳಿ, ಮುಳುಗಿದ ಮನೆ, ಗುಡಿಸಲು, ಸಿಮೆಂಟ್ ಮನೆ, ಮತ್ತೆ ಚಿಕ್ಕಮ್ಮನ ಬುಟ್ಟಿ. ಇದಕ್ಕೆ ಸೇರದ್ದು ಎಷ್ಟೇ ಚೆನ್ನಾಗಿದ್ದರೂ ಈ ಏಳು ನಿಮಿಷಕ್ಕೆ ಬೇಡ. ಅತ್ತೆಯ 52 ನಿಮಿಷದಲ್ಲಿ ಒಂದು ಮಾತಾದರೂ ಬರಲಿ, ಇಲ್ಲದಿದ್ದರೆ ಅವರಿಗೆ ಬೇಸರ ಆಗುತ್ತದೆ. ಆದರೆ ಜಾಸ್ತಿ ಮಾತಾಡಿದವರ ಅಜ್ಜಿಯೇ ಭಾಷಣದ ಅಜ್ಜಿ ಆಗಿಬಿಡುವುದೂ ಬೇಡ.

ಉದ್ದದ ಬಗ್ಗೆ: ನಾನು ಓದಿ ನೋಡಿದ ಲೆಕ್ಕದಲ್ಲಿ ಸಭೆಯಲ್ಲಿ ನಿಧಾನಕ್ಕೆ ಓದಿದರೆ ನಿಮಿಷಕ್ಕೆ 80, 90 ಪದ. ಏಳು ನಿಮಿಷಕ್ಕೆ 600 ಆಗುತ್ತದೆ, ಆದರೆ 500ಕ್ಕೆ ನಿಲ್ಲಿಸಿ. ಗಂಟಲು ಕಟ್ಟುವುದಕ್ಕೂ ಸಮಯ ಬೇಕು.

ಸಾಗರದವನು

ವರ್ಷ ಹಾಕಬೇಡಿ. "ಲಿಂಗನಮಕ್ಕಿ ನೀರು ಏರುವ ಹೊತ್ತಿಗೆ" ಅಂದರೆ ಸಾಕು, ನಮ್ಮವರಿಗೆ ಅದೇ ಕ್ಯಾಲೆಂಡರ್. ಮನೆಯಲ್ಲಿ ಜಮೀನು ಮಂಜೂರಾತಿಯ ಕಾಗದ ಇದ್ದರೂ ಅದರ ತಾರೀಕು ನಂಬಬೇಡಿ, ಕಾಗದ ಎಷ್ಟೋ ಮನೆಗಳಿಗೆ ಬಂದು ನೆಲೆಸಿದ ಮೇಲೆ ಸಿಕ್ಕಿದ್ದು. ವಯಸ್ಸಿಗೆ "ತೊಂಬತ್ತರ ಹತ್ತಿರ" ಅನ್ನಿ.

ಕರೂರು ಸೀಮೆಯವಳು (ಶುಕ್ರವಾರ ರಾತ್ರಿ)

ಚಿಕ್ಕಮ್ಮನಿಗೆ ಓದಿದೆ. "ಮಾತು ಬಿಟ್ಟಿದ್ದು ಹೇಳು, ಯಾಕೆ ಅಂತ ಹೇಳಬೇಡ" ಅಂದರು. ಹಾಗೇ ಮಾಡಿದ್ದೇನೆ. ಕರಡು ಹಾಕುತ್ತಿದ್ದೇನೆ, ಶುರು ಮತ್ತು ಕೊನೆ ನೋಡಿ. ಮಧ್ಯದಲ್ಲಿ ಗುಡಿಸಲು ಮತ್ತು ಅತ್ತೆ ಹೇಳಿದ ಶಾಲೆಯ ಫೀಸಿನ ವಿಷಯ ಇದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

"ಎಲ್ಲರಿಗೂ ನಮಸ್ಕಾರ. ಲಿಂಗನಮಕ್ಕಿ ನೀರು ಏರುವ ಹೊತ್ತಿಗೆ, ಊರು ಬಿಡಬೇಕು ಅಂತ ಹೇಳಿಯಾದ ಮೇಲೆ, ನಮ್ಮ ಅಜ್ಜಿ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದರು. ಚಿಕ್ಕಜ್ಜಿ ಅಕ್ಕಿ ಅರೆದುಕೊಟ್ಟರು. ಅಜ್ಜ ಕೇಳಿದರಂತೆ, ಮುಳುಗೋ ಮನೆಗೆ ಯಾಕೆ ಬಳೀತೀಯ ಅಂತ. ಅಜ್ಜಿ ಹೇಳಿದ್ದು ಇಷ್ಟೇ: ಇನ್ನೂ ಮುಳುಗಿಲ್ಲಲ್ಲ.

ಅಜ್ಜಿಗೆ ಅದು ಎರಡನೇ ನೀರು. ಚಿಕ್ಕವರಿದ್ದಾಗ ಮಡೆನೂರು ಡ್ಯಾಮಿನ ನೀರು ತವರಿನ ಕಡೆಗೆ ಬಂದಿತ್ತು. ಅವರ ಅಪ್ಪಯ್ಯ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರು. ಅವ್ವನ ಕೈ ಹಿಡಿದು ಸಾಗರಕ್ಕೆ ನೋಡಲು ಹೋಗಿದ್ದರಂತೆ. ಆ ಕಥೆಯನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದರು ಅಂದರೆ, ಜೈಲಿಗೆ ಹೋದದ್ದು ಅಮ್ಮನೇ ಅಂತ ಚಿಕ್ಕಪ್ಪ ಇಲ್ಲಿಯವರೆಗೂ ನಂಬಿದ್ದರು.

ಊರು ಬಿಟ್ಟ ದಿನ ಮಗು ಗಾಡಿಯಲ್ಲಿತ್ತು, ಸಾಮಾನು ಗಾಡಿಯಲ್ಲಿತ್ತು. ಅಜ್ಜಿ ನಡೆದುಕೊಂಡು ಬಂದರು. ಹಿಂದೆ ತಿರುಗಿ ನೋಡಲಿಲ್ಲ ಅಂತ ನಾವೆಲ್ಲ ಕೇಳಿದ್ದೆವು. ಎರಡು ಸಲ ನೋಡಿದರು ಅಂತ ಚಿಕ್ಕಜ್ಜಿ ಹೇಳುತ್ತಾರೆ. ಅವರು ಅಲ್ಲಿದ್ದರು."

ಮತ್ತೆ ಕೊನೆ:

"ನಮ್ಮಪ್ಪ ಸಿಮೆಂಟ್ ಮನೆ ಕಟ್ಟಿಸಿದಾಗ ಅಜ್ಜಿ ಗೋಡೆ ಮುಟ್ಟಿ ನೋಡಿ, ಇದು ಎಳೆ ಹಿಡಿಯಲ್ಲ ಅಂದರು. ಆಮೇಲೆ ಗೋಡೆಗೆ ಬರೆಯಲಿಲ್ಲ. ಬುಟ್ಟಿಗೆ ಬರೆದರು. ಚಿಕ್ಕಮ್ಮನ ಜೊತೆ ಎರಡು ವರ್ಷ ಅಜ್ಜಿಗೆ ಮಾತಿರಲಿಲ್ಲ. ಆ ಎರಡೂ ವರ್ಷ ಭೂಮಿ ಹುಣ್ಣಿಮೆಯ ಹಿಂದಿನ ದಿನ ಚಿಕ್ಕಮ್ಮನ ಜಗಲಿ ಮೇಲೆ ಚಿತ್ತಾರದ ಬುಟ್ಟಿ ಇರುತ್ತಿತ್ತು. ಅಜ್ಜಿ ಪ್ರೀತಿ ತೋರಿಸುವ ರೀತಿಯೇ ಬೇರೆ. ಅವರ ತ್ಯಾಗ, ಸಹನೆ ನಮಗೆಲ್ಲ ದಾರಿದೀಪ."

ಹಳೇ ಟೇಪು

ಕೊನೆಯ ಎರಡು ವಾಕ್ಯ ತೆಗೆಯಿರಿ. ಬುಟ್ಟಿ ಇರುತ್ತಿತ್ತು, ಅಲ್ಲಿಗೆ ನಿಲ್ಲಿಸಿ.

ಚಿಕ್ಕಪ್ಪ "ನಂಬಿದ್ದರು" ಅನ್ನುವ ಸಾಲು ಅವರಿಗೆ ಓದಿದ್ದೀರಾ? ನೂರಾರು ಜನರ ಮುಂದೆ ಅದು ತಪ್ಪು ಎತ್ತಿ ತೋರಿಸಿದ ಹಾಗೆ ಕೇಳಬಹುದು.

ಕುಂದಾಪ್ರದ ಹುಡುಗ

ಹೌದು, ಓದಿ ಹೇಳಿ. ದಯವಿಟ್ಟು.

ದಾವಣಗೆರೆಯಿಂದ

ನನಗೆ ದಾರಿದೀಪ ಇದ್ದರೇ ಚೆನ್ನಾಗಿರುತ್ತೆ ಅನ್ನಿಸುತ್ತೆ, ಸಭೆಯಲ್ಲಿ ಒಂದು ಮುಕ್ತಾಯ ಬೇಕಲ್ಲ, ಇಲ್ಲದಿದ್ದರೆ ಭಾಷಣ ಮುಗಿಯಿತೋ ಇಲ್ಲವೋ ಅಂತ ಜನರಿಗೆ ಗೊತ್ತಾಗುವುದಿಲ್ಲ. ಉಳಿದದ್ದು ಓದುವಾಗ ಕಣ್ಣು ತುಂಬಿತು. ಜೈಲಿನಿಂದ ಶುರು ಮಾಡಿ ಅಂದಿದ್ದೆ, ಅದು ಬೇಡವಾಗಿತ್ತು, ಒಪ್ಪುತ್ತೇನೆ.

ಗಡಿನಾಡ ಮಾಸ್ತರ

ತಂಗೀ, ನಾನು ಪೇಪರಿಗೆ ಅಂದುಕೊಂಡಿದ್ದೆ. ಈಗ ಪೂರ್ತಿ ಓದಿದೆ. ಒಂದು ಮಾತು ಹೇಳತೀನಿ, ದೊಡ್ಡ ಅಕ್ಷರದಾಗ ಬರಕೋರಿ, ಸಾಲಿನ ನಡುವ ಜಾಗ ಬಿಡ್ರಿ. ಕಣ್ಣಾಗ ನೀರು ಬಂದಾಗ ಸಣ್ಣ ಅಕ್ಷರ ಕಾಣಂಗಿಲ್ಲ. ನೂರು ಸಲ ನಿಂತು ಓದೀನಿ, ಅದಕ್ಕ ಹೇಳಿದೆ. ಇನ್ನೊಬ್ಬರ ಕೈಯಾಗೂ ಒಂದು ಪ್ರತಿ ಇರಲಿ, ನಿಮಗ ಆಗಲಿಲ್ಲ ಅಂದ್ರ ಅವರು ಮುಂದ ಓದತಾರ.

ಕರೂರು ಸೀಮೆಯವಳು (ಭಾನುವಾರ ರಾತ್ರಿ)

ಈಗ ಮನೆಗೆ ಬಂದೆ.

ಮಾಸ್ತರರ ಮಾತು ಕೇಳಿದ್ದು ಒಳ್ಳೆಯದಾಯಿತು. ಸಿಮೆಂಟ್ ಗೋಡೆಯ ಸಾಲಿಗೆ ಬಂದಾಗ ಅಪ್ಪನ ಮುಖ ನೋಡಿಬಿಟ್ಟೆ, ಆಮೇಲೆ ಓದಲು ಆಗಲಿಲ್ಲ. ಅತ್ತೆಯ ಮಗಳ ಕೈಯಲ್ಲಿ ಪ್ರತಿ ಇತ್ತು, ಅವಳು ಮುಗಿಸಿದಳು. ದಾರಿದೀಪ ತೆಗೆದಿದ್ದೆ. ಬುಟ್ಟಿಗೆ ನಿಂತಿತು. ದಾವಣಗೆರೆಯವರು ಹೇಳಿದ್ದೂ ಸ್ವಲ್ಪ ನಿಜ, ಮುಗಿಯಿತು ಅಂತ ಯಾರಿಗೂ ತಕ್ಷಣ ಗೊತ್ತಾಗಲಿಲ್ಲ. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ, ಆಮೇಲೆ ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಚಿಕ್ಕಪ್ಪನಿಗೆ ಶನಿವಾರ ಓದಿ ಹೇಳಿದ್ದೆ. "ಇರಲಿ, ಅಪ್ಪಯ್ಯನ ಹೆಸರೂ ಬರ್ಲಿ" ಅಂದರು, ಮುತ್ತಜ್ಜನ ಹೆಸರು ಸೇರಿಸಿದೆ.

ಎರಡು ವಿಷಯ ಉಳಿದಿದೆ. ಊಟದ ಹೊತ್ತಿಗೆ ಪಕ್ಕದ ಊರಿನ ಒಬ್ಬರು ಅಜ್ಜಿ ಬಂದು, ಆ ಗೋಡೆಗೆ ಬರೆದದ್ದು ಭೂಮಿ ಹುಣ್ಣಿಮೆಗಲ್ಲ, ಮನೆಯಲ್ಲಿ ಮದುವೆ ಇತ್ತು, ಅದಕ್ಕೆ ಅಂದರು. ಅವರೂ ಆ ಊರಿನವರೇ, ಅವರೂ ಕಣ್ಣಾರೆ ಕಂಡವರು. ಚಿಕ್ಕಜ್ಜಿ ಇಲ್ಲ ಅಂತಾರೆ. ಇಬ್ಬರೂ ಬಹಳ ಹೊತ್ತು ಮಾತಾಡಿಕೊಂಡರು, ಯಾರೂ ಬಿಟ್ಟುಕೊಡಲಿಲ್ಲ. ನಾನು ಇಬ್ಬರದ್ದೂ ರೆಕಾರ್ಡ್ ಮಾಡಿಕೊಂಡೆ, ಬೇರೆ ಬೇರೆ ಕೂರಿಸಿ ಮತ್ತೆ ಕೇಳಬೇಕು.

ಇನ್ನೊಂದು, ರೆಕಾರ್ಡಿಂಗ್ ಎಲ್ಲರಿಗೂ ಕಳಿಸು ಅಂತ ಮನೆಯವರ ಗುಂಪಿನಲ್ಲಿ ಕೇಳ್ತಾ ಇದ್ದಾರೆ. ಚಿಕ್ಕಮ್ಮನ ಅಡುಗೆಮನೆಯ ತುಣುಕಿನಲ್ಲಿ ಹಿಸ್ಸೆಯ ವಿಷಯ ಪೂರ್ತಿ ಇದೆ. ಅದನ್ನು ಬಿಟ್ಟು ಕಳಿಸಿದರೆ ಹತ್ತು ಮಾತ್ರ ಯಾಕೆ ಅಂತ ಕೇಳ್ತಾರೆ, ಹನ್ನೊಂದು ಅಂತ ಆಗಲೇ ಎಲ್ಲರಿಗೂ ಗೊತ್ತು.

ಹಳೇ ಟೇಪು

ಯಾರಿಗೂ ಏನೂ ಕಳಿಸಬೇಡಿ ಸದ್ಯಕ್ಕೆ. ನಾಳೆ ಚಿಕ್ಕಮ್ಮನಿಗೆ ಆ ತುಣುಕನ್ನು ಕೇಳಿಸಿ, ಅವರೇ ಕೇಳಲಿ.